ಪ್ರಶ್ನೆ ಬರೆಯುವ ಮುನ್ನ ಅಂಕ ಹಂಚಿ: ಮಕ್ಕಳ ಶುಶ್ರೂಷೆ ಪತ್ರಿಕೆಯ ಬ್ಲೂಪ್ರಿಂಟ್

ಬಿ.ಎಸ್ಸಿ. ನರ್ಸಿಂಗ್ ಥಿಯರಿ ಪತ್ರಿಕೆಗೆ 75 ಅಂಕ. ಪಾಸಾಗಲು ಅದರ ಅರ್ಧ, ಅಂದರೆ 37.5 ಬೇಕು. ಈಗ ಒಂದು ಪತ್ರಿಕೆಯಲ್ಲಿ 50 ಅಂಕದಷ್ಟು ‘ವ್ಯಾಖ್ಯೆ ಬರೆಯಿರಿ’, ‘ವಿಧಗಳನ್ನು ಹೆಸರಿಸಿ’, ‘ಲಕ್ಷಣಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆಗಳೇ ಇವೆ ಎಂದುಕೊಳ್ಳಿ. ನೋಟ್ಸನ್ನು ಬಾಯಿಪಾಠ ಮಾಡಿ ಅದರಲ್ಲಿ ಮುಕ್ಕಾಲು ಭಾಗ ಒಪ್ಪಿಸಿದವರಿಗೆ 37.5 ಅಲ್ಲೇ ಸಿಕ್ಕಿತು. ಎಂಟು ಕೆ.ಜಿ. ತೂಕದ ಮಗುವಿಗೆ ಎಷ್ಟು ಓಆರ್‌ಎಸ್ ಕುಡಿಸಬೇಕು ಎಂಬುದು ಗೊತ್ತಿಲ್ಲದೆಯೇ ಅವರು ಮಕ್ಕಳ ಶುಶ್ರೂಷೆಯಲ್ಲಿ ಪಾಸು. ಪತ್ರಿಕೆ ಹೊಂದಿಸಿದವರಿಗೆ ಹೀಗಾಗಲಿ ಎಂಬ ಉದ್ದೇಶ ಇರುವುದಿಲ್ಲ. ಹಳೆಯ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಪ್ರಶ್ನೆ ಬರೆಯುತ್ತ ಹೋದಾಗ ಇದು ತಾನಾಗಿ ಆಗುತ್ತದೆ. ನೆನಪಿನ ಪ್ರಶ್ನೆ ಬರೆಯುವುದಕ್ಕೆ ಎರಡು ನಿಮಿಷ ಸಾಕು, ಅನ್ವಯದ ಪ್ರಶ್ನೆಗೆ ಅರ್ಧ ಗಂಟೆ ಬೇಕು. ಕೈ ಸಹಜವಾಗಿ ಸುಲಭದ ಕಡೆಗೆ ಹೋಗುತ್ತದೆ.

ಬ್ಲೂಪ್ರಿಂಟ್ ಎಂದರೆ ಪ್ರಶ್ನೆಗೆ ಮೊದಲೇ ಅಂಕಗಳನ್ನು ಹಂಚಿಡುವ ಕೋಷ್ಟಕ. ವಿಶ್ವವಿದ್ಯಾಲಯವೇ ಒಂದನ್ನು ಕೊಟ್ಟಿದ್ದರೆ ಅದೇ ಅಂತಿಮ. ಕೊಡದಿದ್ದಾಗ, ಅಥವಾ ಕಾಲೇಜಿನಲ್ಲಿ ಪ್ರಿಫೈನಲ್ ನಡೆಸುವಾಗ, ನಾವೇ ಮಾಡಿಕೊಳ್ಳಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಕಾಲೇಜೊಂದರಲ್ಲಿ ಮಕ್ಕಳ ಶುಶ್ರೂಷೆಯ ಮೂವರು ಬೋಧಕರು ಕೂತರೆ ಒಂದು ಮಧ್ಯಾಹ್ನದ ಕೆಲಸ. ಇಲ್ಲಿ ಅಂಥದ್ದೊಂದು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿ ತೋರಿಸಿದೆ. ಗಂಟೆಗಳ ಅಂಕಿ ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮ ಪಠ್ಯಕ್ರಮದ ಗಂಟೆಗಳನ್ನು ಅಲ್ಲಿ ಹಾಕಿಕೊಳ್ಳಿ.

ಯಾವ ಘಟಕಕ್ಕೆ ಎಷ್ಟು

ಆರು ಘಟಕ, ಒಟ್ಟು 60 ಬೋಧನಾ ಗಂಟೆ ಎಂದುಕೊಳ್ಳೋಣ. ಮಕ್ಕಳ ಆರೈಕೆಯ ಪರಿಕಲ್ಪನೆಗಳು 10 ಗಂಟೆ, ಆರೋಗ್ಯವಂತ ಮಗು 12, ನವಜಾತ ಶಿಶು 15, ಐಎಂಎನ್‌ಸಿಐ 10, ಸಾಮಾನ್ಯ ಕಾಯಿಲೆಗಳು 8, ತುರ್ತು ಸ್ಥಿತಿಗಳು 5. ಎಪ್ಪತ್ತೈದನ್ನು ಅರವತ್ತರಿಂದ ಭಾಗಿಸಿದರೆ ಗಂಟೆಗೆ 1.25 ಅಂಕ ಬರುತ್ತದೆ. ಅದರ ಪ್ರಕಾರ ನವಜಾತ ಶಿಶುವಿಗೆ 18.75, ಐಎಂಎನ್‌ಸಿಐಗೆ 12.5.

ಬಹಳ ಕಡೆ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಅದರ ತೊಂದರೆ ಗೊತ್ತಾಗಬೇಕಾದರೆ ಮೊದಲ ಘಟಕ ನೋಡಿ. ಮಕ್ಕಳ ಆರೈಕೆಯ ಇತಿಹಾಸ, ಹಕ್ಕುಗಳು, ಆರೋಗ್ಯ ಸೂಚ್ಯಂಕಗಳು ಇರುವ ಆ ಘಟಕಕ್ಕೂ 12.5 ಅಂಕ, ಅತಿಸಾರ ಮತ್ತು ನ್ಯುಮೋನಿಯಾ ಇರುವ ಮಗುವನ್ನು ವರ್ಗೀಕರಿಸಲು ಕಲಿಸುವ ಐಎಂಎನ್‌ಸಿಐಗೂ ಅಷ್ಟೇ. ಗಂಟೆ ಎಂಬುದು ಪಾಠ ಎಷ್ಟು ಉದ್ದ ಎಂದು ಹೇಳುತ್ತದೆ, ಗೊತ್ತಿಲ್ಲದಿದ್ದರೆ ವಾರ್ಡಿನಲ್ಲಿ ಏನಾಗುತ್ತದೆ ಎಂದು ಹೇಳುವುದಿಲ್ಲ.

ಹಾಗಾಗಿ ಎರಡನೆಯ ಅಳತೆಯೊಂದು ಬೇಕು. ಪ್ರತಿ ಘಟಕಕ್ಕೂ ಎರಡು ಅಂಕಿ ಕೊಡಿ. ನರ್ಸಿಗೆ ಆ ವಿಷಯ ತಿಳಿಯದಿದ್ದರೆ ಮಗುವಿಗಾಗುವ ಹಾನಿ ಎಷ್ಟು ಎಂಬುದಕ್ಕೆ 1ರಿಂದ 3. ಕೆಲಸದಲ್ಲಿ ಅದು ಎಷ್ಟು ಸಲ ಎದುರಾಗುತ್ತದೆ ಎಂಬುದಕ್ಕೆ 1ರಿಂದ 3. ಎರಡನ್ನೂ ಗುಣಿಸಿ. ಪರಿಕಲ್ಪನೆಗಳಿಗೆ 1×2=2, ಆರೋಗ್ಯವಂತ ಮಗುವಿಗೆ 2×3=6, ನವಜಾತ ಶಿಶು ಮತ್ತು ಐಎಂಎನ್‌ಸಿಐ ಎರಡಕ್ಕೂ 3×3=9, ಕಾಯಿಲೆಗಳಿಗೆ 3×2=6, ತುರ್ತು ಸ್ಥಿತಿಗೆ 3×1=3. ಮೊತ್ತ 35. ಘಟಕದ ಗುಣಲಬ್ಧವನ್ನು 35ರಿಂದ ಭಾಗಿಸಿ 75ರಿಂದ ಗುಣಿಸಿದರೆ ಎರಡನೆಯ ಅಳತೆಯ ಅಂಕ ಸಿಗುತ್ತದೆ. ಐಎಂಎನ್‌ಸಿಐಗೆ 19.3 ಆಗುತ್ತದೆ, ಪರಿಕಲ್ಪನೆಗಳು 4.3ಕ್ಕೆ ಇಳಿಯುತ್ತವೆ.

ಇದನ್ನೊಂದನ್ನೇ ನಂಬಿದರೂ ತಪ್ಪು, ಹತ್ತು ಗಂಟೆ ಕಲಿಸಿದ ಘಟಕಕ್ಕೆ ನಾಲ್ಕೇ ಅಂಕ ಎಂದರೆ ಮುಂದಿನ ವರ್ಷ ಅದನ್ನು ಯಾರೂ ಓದುವುದಿಲ್ಲ. ಎರಡೂ ಅಳತೆಗಳ ಸರಾಸರಿ ತೆಗೆದುಕೊಳ್ಳುವುದು ವಾಸಿ. ಆಗ ಬರುವುದು 8.4, 13.9, 19.0, 15.9, 11.4, 6.3. ಪೂರ್ಣಾಂಕ ಮಾಡಿದರೆ 8, 14, 19, 16, 11, 6, ಮೊತ್ತ 74. ಉಳಿದ ಒಂದು ಅಂಕವನ್ನು ಕೆಳಕ್ಕಿಳಿಸಿದವುಗಳಲ್ಲಿ ದಶಾಂಶ ದೊಡ್ಡದಿರುವ ಕಾಯಿಲೆಗಳ ಘಟಕಕ್ಕೆ ಸೇರಿಸಿ 12 ಮಾಡಿ.

ಹಾನಿಯ ಅಂಕಿಯಲ್ಲಿ ಬೋಧಕರ ನಡುವೆ ಹೆಚ್ಚು ಜಗಳ ಬರುವುದಿಲ್ಲ. ಜಗಳ ಬರುವುದು ‘ಎಷ್ಟು ಸಲ’ ಎಂಬುದರಲ್ಲಿ. ಸಿಂಧನೂರು, ಸಿರುಗುಪ್ಪ, ಗಂಗಾವತಿ ಸುತ್ತಲಿನ ಭತ್ತದ ಸೀಮೆಯಲ್ಲಿ ಮನೆಯಲ್ಲೇ ಕೀಟನಾಶಕದ ಡಬ್ಬಿ ಇರುತ್ತದೆ, ತುರ್ತು ಸ್ಥಿತಿಗೆ 1 ಕೊಟ್ಟರೆ ಹೇಗೆ ಎಂದು ಒಬ್ಬರು ಕೇಳಬಹುದು. ಕೇಳಬೇಕು ಕೂಡ. ಆ 1 ಎಂಬುದು 2 ಆದರೆ ಗುಣಲಬ್ಧ 6, ಮೊತ್ತ 38 ಆಗಿ, ಘಟಕದ ಅಂಕ 6ರಿಂದ 9ಕ್ಕೆ ಏರುತ್ತದೆ. ಒಂದು ಅಂಕಿಗೆ ಅಷ್ಟು ಬಲ ಇದೆ. ಆದ್ದರಿಂದ ಮೂವರೂ ಬೇರೆ ಬೇರೆಯಾಗಿ ಬರೆದು, ಆಮೇಲೆ ಹೋಲಿಸಬೇಕು. ಸಾಧ್ಯವಾದರೆ ಮಕ್ಕಳ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕೂಡ ಒಂದು ಹಾಳೆ ತುಂಬಲಿ, ಅವರ ‘ಎಷ್ಟು ಸಲ’ ನಮ್ಮದಕ್ಕಿಂತ ನಿಜ. ಹಿರಿಯರು ಮೊದಲು ಬಾಯಿಬಿಟ್ಟರೆ ಉಳಿದವರ ಅಂಕಿಯೂ ಅದೇ ಆಗಿಬಿಡುತ್ತದೆ, ಅದಕ್ಕೇ ಬರೆದ ಮೇಲೆ ಮಾತು.

ಪ್ರಶ್ನೆಯ ರೂಪಕ್ಕೆ ಹೊಂದಿಸುವುದು

ಪತ್ರಿಕೆಯ ವಿನ್ಯಾಸ ಹೀಗಿದೆ ಎಂದುಕೊಳ್ಳಿ: ಒಂದು ಅಂಕದ ಎಂಸಿಕ್ಯೂ 12, ಹತ್ತು ಅಂಕದ ದೀರ್ಘ ಪ್ರಶ್ನೆ 2, ಐದು ಅಂಕದವು 5, ಎರಡು ಅಂಕದವು 9. ಮೊತ್ತ 12+20+25+18=75. ಮೊದಲು ದೊಡ್ಡ ಕಲ್ಲು ಇಡಿ, ಸಣ್ಣವು ಸಂದಿಗೆ ಹೊಂದಿಕೊಳ್ಳುತ್ತವೆ. ನವಜಾತ ಶಿಶುವಿನ 19ಕ್ಕೆ ಒಂದು ದೀರ್ಘ, ಒಂದು ಐದಂಕ, ಒಂದು ಎರಡಂಕ, ಎರಡು ಎಂಸಿಕ್ಯೂ. ಐಎಂಎನ್‌ಸಿಐ 16ಕ್ಕೆ ಒಂದು ದೀರ್ಘ, ಎರಡು ಎರಡಂಕ, ಎರಡು ಎಂಸಿಕ್ಯೂ. ಆರೋಗ್ಯವಂತ ಮಗುವಿನ 14ಕ್ಕೆ ಎರಡು ಐದಂಕ, ಒಂದು ಎರಡಂಕ, ಎರಡು ಎಂಸಿಕ್ಯೂ. ಕಾಯಿಲೆಗಳ 12ಕ್ಕೆ ಒಂದು ಐದಂಕ, ಎರಡು ಎರಡಂಕ, ಮೂರು ಎಂಸಿಕ್ಯೂ. ಪರಿಕಲ್ಪನೆಗಳ 8ಕ್ಕೆ ಮೂರು ಎರಡಂಕ, ಎರಡು ಎಂಸಿಕ್ಯೂ. ತುರ್ತಿನ 6ಕ್ಕೆ ಒಂದು ಐದಂಕ, ಒಂದು ಎಂಸಿಕ್ಯೂ. ಎಲ್ಲ ಲೆಕ್ಕವೂ ಕೂಡುತ್ತದೆ. ಕೂಡದಿದ್ದರೆ ಒಂದಂಕ ಆಚೀಚೆ ಮಾಡಿ, ಎರಡಕ್ಕಿಂತ ಹೆಚ್ಚು ಬೇಡ.

ಸಮಯ ಇಲ್ಲೇ ನೋಡಿಬಿಡಬೇಕು. ಮೂರು ಗಂಟೆ ಎಂದರೆ 180 ನಿಮಿಷ. ಎಂಸಿಕ್ಯೂಗೆ ಒಂದೊಂದು ನಿಮಿಷ, ಎರಡಂಕಕ್ಕೆ ನಾಲ್ಕು, ಐದಂಕಕ್ಕೆ ಹತ್ತು, ದೀರ್ಘಕ್ಕೆ 25 ಎಂದರೆ 12+36+50+50=148. ಓದಲು, ತಿರುಗಿ ನೋಡಲು 32 ನಿಮಿಷ ಉಳಿಯುತ್ತದೆ. ಸಾಕು ಅನಿಸುತ್ತದೆ. ಆದರೆ ಈ ಭಾಗದ ತರಗತಿಗಳಲ್ಲಿ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಬಹಳ ಜನ. ಇಂಗ್ಲಿಷಿನಲ್ಲಿರುವ ಅರ್ಧ ಪುಟದ ಸನ್ನಿವೇಶವನ್ನು ಅವರು ಎರಡು ಸಲ ಓದುತ್ತಾರೆ, ಆ 32 ನಿಮಿಷ ಅಲ್ಲೇ ಕರಗುತ್ತದೆ. ಸನ್ನಿವೇಶ 60 ಪದ ದಾಟದಿರಲಿ, ಒಂದು ವಾಕ್ಯದಲ್ಲಿ ಒಂದೇ ಸಂಗತಿ ಇರಲಿ. ಇಲ್ಲದಿದ್ದರೆ ನಾವು ಅಳೆಯುವುದು ಇಂಗ್ಲಿಷ್ ಓದುವ ವೇಗವನ್ನು.

ಮಟ್ಟ ಇರುವುದು ಕ್ರಿಯಾಪದದಲ್ಲಲ್ಲ

ಬ್ಲೂಪ್ರಿಂಟಿನಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಅರಿವಿನ ಮಟ್ಟ ಹಂಚುವಲ್ಲಿ. ಬ್ಲೂಮ್ ಹೇಳಿದ ಆರು ಮಟ್ಟಗಳನ್ನೂ ಕೋಷ್ಟಕದಲ್ಲಿ ಇಡಬೇಕಿಲ್ಲ. ಆರು ಘಟಕಕ್ಕೆ ಆರು ಮಟ್ಟ ಎಂದರೆ 36 ಖಾನೆ, 75 ಅಂಕ ಅಲ್ಲಿ ಚೂರುಚೂರಾಗುತ್ತದೆ. ಸ್ಮರಣೆ, ತಿಳುವಳಿಕೆ, ಅನ್ವಯ ಎಂಬ ಮೂರು ಸಾಕು. ಅದಕ್ಕಿಂತ ಮೇಲಿನದೆಲ್ಲ ಅನ್ವಯದ ಖಾನೆಗೇ ಸೇರಲಿ.

ಒಂದೇ ವಿಷಯವನ್ನು ಮೂರು ಮಟ್ಟದಲ್ಲಿ ಕೇಳಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ನವಜಾತ ಶಿಶುವಿನ ಶೀತಬಾಧೆ ತೆಗೆದುಕೊಳ್ಳಿ. ಕಂಕುಳ ಉಷ್ಣತೆ ಎಷ್ಟರಿಂದ ಎಷ್ಟರವರೆಗೆ ಇದ್ದರೆ ಅದನ್ನು ಶೀತಬಾಧೆ ಎನ್ನುತ್ತೇವೆ? ಉತ್ತರ 36.0ರಿಂದ 36.4 ಡಿಗ್ರಿ ಸೆಲ್ಸಿಯಸ್. ಇದು ಸ್ಮರಣೆ. ಹೊಟ್ಟೆ ಬೆಚ್ಚಗಿದ್ದರೂ ಪಾದ ಏಕೆ ತಣ್ಣಗಾಗುತ್ತದೆ? ಒಳಗಿನ ಶಾಖ ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳು ಸಂಕೋಚಿಸುತ್ತವೆ ಎಂದು ಬರೆದರೆ ಅದು ತಿಳುವಳಿಕೆ. ಎರಡು ದಿನದ ಮಗು, ಉಷ್ಣತೆ 36.2, ಹೊಟ್ಟೆ ಬೆಚ್ಚಗಿದೆ, ಪಾದ ತಣ್ಣಗಿದೆ, ಮೊಲೆ ಚೀಪುತ್ತಿದೆ, ನೀವು ಮೊದಲು ಏನು ಮಾಡುತ್ತೀರಿ? ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಹೊದಿಸಿ, ಹಾಲುಣಿಸುವುದನ್ನು ಆರಿಸಿಕೊಂಡರೆ ಅದು ಅನ್ವಯ.

ಆದರೆ ಇದೇ 36.2ರ ಮಗುವನ್ನು ತರಗತಿಯಲ್ಲಿ ಉದಾಹರಣೆಯಾಗಿ ಬರೆಸಿದ್ದರೆ, ಪರೀಕ್ಷೆಯಲ್ಲಿ ಅದು ಸ್ಮರಣೆಯ ಪ್ರಶ್ನೆ. ಪ್ರಶ್ನೆಯಲ್ಲಿ ‘ವಿಶ್ಲೇಷಿಸಿ’ ಎಂದು ಬರೆದರೂ ಅಷ್ಟೆ. ‘ಚರ್ಚಿಸಿ’ ಎಂದು ಹಾಕಿದ್ದಕ್ಕೆ ಅನ್ವಯದ ಖಾನೆಗೆ ಅಂಕ ತುಂಬಿದ ಬ್ಲೂಪ್ರಿಂಟುಗಳೇ ಹೆಚ್ಚು.

ಇನ್ನೊಂದು ಬಗೆಯ ಸೋಗೂ ಉಂಟು. ‘ಒಂದು ವರ್ಷದ ಮಗುವನ್ನು ಭೇದಿಯೆಂದು ಕರೆತಂದಿದ್ದಾರೆ. ಭೇದಿಯ ಕಾರಣಗಳನ್ನು ಪಟ್ಟಿ ಮಾಡಿ.’ ಮೊದಲ ವಾಕ್ಯವನ್ನು ಅಂಗೈಯಿಂದ ಮುಚ್ಚಿ ನೋಡಿ. ಉತ್ತರ ಬರೆಯಲು ಆ ಮಗು ಬೇಕಾಗಿಯೇ ಇಲ್ಲ. ಸನ್ನಿವೇಶ ಮುಚ್ಚಿದರೂ ಉತ್ತರಿಸಬಹುದಾದ ಪ್ರಶ್ನೆ ಅನ್ವಯದ್ದಲ್ಲ. ನನ್ನ ಮಟ್ಟಿಗೆ ಕ್ರಿಯಾಪದಗಳ ಪಟ್ಟಿಗಿಂತ ಈ ಅಂಗೈ ಪರೀಕ್ಷೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಮ್ಮ ಪತ್ರಿಕೆಗೆ ಸ್ಮರಣೆ 20, ತಿಳುವಳಿಕೆ 25, ಅನ್ವಯ 30 ಎಂಬ ಗುರಿ ಇಟ್ಟುಕೊಂಡು ಹಂಚಿದಾಗ ಹೀಗೆ ಬಂತು:

| ಘಟಕ | ಅಂಕ | ಸ್ಮರಣೆ | ತಿಳುವಳಿಕೆ | ಅನ್ವಯ |
|---|---|---|---|---|
| ಪರಿಕಲ್ಪನೆಗಳು | 8 | 4 | 4 | 0 |
| ಆರೋಗ್ಯವಂತ ಮಗು | 14 | 3 | 6 | 5 |
| ನವಜಾತ ಶಿಶು | 19 | 5 | 8 | 6 |
| ಐಎಂಎನ್‌ಸಿಐ | 16 | 2 | 5 | 9 |
| ಕಾಯಿಲೆಗಳು | 12 | 3 | 3 | 6 |
| ತುರ್ತು ಸ್ಥಿತಿಗಳು | 6 | 3 | 0 | 3 |
| ಒಟ್ಟು | 75 | 20 | 26 | 29 |

ಗುರಿಗಿಂತ ಒಂದಂಕ ಆಚೀಚೆ ಆಗಿದೆ. ಅದಕ್ಕಾಗಿ ಒಳ್ಳೆಯ ಪ್ರಶ್ನೆಯೊಂದನ್ನು ಹಿಂಡಬಾರದು. ಪ್ರತಿ ಘಟಕಕ್ಕೂ ಮೂರೂ ಮಟ್ಟ ಬರಲೇಬೇಕೆಂಬ ಹಟವೂ ಬೇಡ. ಪರಿಕಲ್ಪನೆಗಳ ಘಟಕದಿಂದ ಬಲವಂತವಾಗಿ ಅನ್ವಯ ತೆಗೆಯಲು ಹೋದವರು ಕೊನೆಗೆ ಕಥೆಯೊಂದನ್ನು ಹೇಳಿ ಮಕ್ಕಳ ಹಕ್ಕುಗಳ ಪಟ್ಟಿ ಕೇಳುತ್ತಾರೆ. ಈ ಕೋಷ್ಟಕದಲ್ಲಿ ಸ್ಮರಣೆ, ತಿಳುವಳಿಕೆ ಸೇರಿ 46. ಅದರಲ್ಲಿ ಶೇ. 80 ಗಳಿಸಿದವರಿಗೂ 36.8 ಬರುತ್ತದೆ, ಪಾಸಾಗಲು ಅನ್ವಯದಿಂದ ಸ್ವಲ್ಪವಾದರೂ ಸಂಪಾದಿಸಲೇಬೇಕು.

ಒಂದು ದೀರ್ಘ ಪ್ರಶ್ನೆಯ ಒಳಗೆ

ಹತ್ತು ಅಂಕವನ್ನು ಒಂದೇ ಮಟ್ಟದ ಖಾನೆಗೆ ಹಾಕುವಂತಿಲ್ಲ, ಉಪಪ್ರಶ್ನೆಗಳಾಗಿ ಒಡೆಯಬೇಕು. ಐಎಂಎನ್‌ಸಿಐನ ದೀರ್ಘ ಪ್ರಶ್ನೆಗೆ ನಮ್ಮ ಹಂಚಿಕೆ ಅನ್ವಯ 7, ತಿಳುವಳಿಕೆ 3.

ಸನ್ನಿವೇಶ: ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಿಂದ 14 ತಿಂಗಳ ಮಗುವನ್ನು ತಂದಿದ್ದಾರೆ. ತೂಕ 8 ಕೆ.ಜಿ. ಎರಡು ದಿನದಿಂದ ನೀರಾಗಿ ಭೇದಿ, ಮಲದಲ್ಲಿ ರಕ್ತ ಇಲ್ಲ. ಮಗು ಕಿರಿಕಿರಿ ಮಾಡುತ್ತಿದೆ, ಕಣ್ಣು ಗುಳಿಬಿದ್ದಿದೆ, ನೀರು ಕೊಟ್ಟರೆ ಆತುರದಿಂದ ಕುಡಿಯುತ್ತದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಹಿಂದಿರುಗುತ್ತದೆ. ತಾಯಿ ಭೇದಿ ನಿಲ್ಲಲೆಂದು ಎದೆಹಾಲು ಬಿಡಿಸಿದ್ದಾಳೆ.

ಮೊದಲ ಉಪಪ್ರಶ್ನೆ ನಿರ್ಜಲೀಕರಣದ ವರ್ಗೀಕರಣ ಮತ್ತು ಅದಕ್ಕೆ ಆಧಾರ, 3 ಅಂಕ. ‘ಸ್ವಲ್ಪ ನಿರ್ಜಲೀಕರಣ’ ಎಂದದ್ದಕ್ಕೆ ಒಂದು, ಎರಡು ಲಕ್ಷಣ ಎತ್ತಿ ತೋರಿಸಿದ್ದಕ್ಕೆ ಒಂದೊಂದು. ಎರಡನೆಯದು, ಮೊದಲ ನಾಲ್ಕು ಗಂಟೆಗೆ ಎಷ್ಟು ಓಆರ್‌ಎಸ್, ಹೇಗೆ ಕುಡಿಸುತ್ತೀರಿ, 4 ಅಂಕ. ಪ್ಲಾನ್ ಬಿ ಪ್ರಕಾರ ಕೆ.ಜಿ.ಗೆ 75 ಮಿ.ಲೀ., ಎಂಟು ಕೆ.ಜಿ.ಗೆ 600. ಲೆಕ್ಕದ ಹೆಜ್ಜೆಗೆ ಒಂದು, ಉತ್ತರಕ್ಕೆ ಒಂದು. ವಾಂತಿ ಆದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಕೊಡುವುದಕ್ಕೆ ಒಂದು, ನಾಲ್ಕು ಗಂಟೆಯ ನಂತರ ಮತ್ತೆ ಪರೀಕ್ಷಿಸಿ ವರ್ಗೀಕರಿಸುವುದಕ್ಕೆ ಒಂದು. ಮೂರನೆಯದು, ಎದೆಹಾಲು ಏಕೆ ಮುಂದುವರಿಸಬೇಕು, ದಿನಕ್ಕೆ 20 ಮಿ.ಗ್ರಾಂ. ಜಿಂಕ್ ಅನ್ನು ಭೇದಿ ನಿಂತ ಮೇಲೂ 14 ದಿನ ಪೂರ್ತಿ ಏಕೆ ಕೊಡಬೇಕು ಎಂದು ತಾಯಿಗೆ ವಿವರಿಸಿ, 3 ಅಂಕ. ಇದು ತಿಳುವಳಿಕೆ.

ಕೀ ಉತ್ತರವನ್ನು ಪ್ರಶ್ನೆಯ ಜೊತೆಗೇ ಬರೆದರೆ ದೋಷ ಆಗಲೇ ಕಣ್ಣಿಗೆ ಬೀಳುತ್ತದೆ. ಇಲ್ಲೂ ಒಂದಿದೆ. ಮೊದಲನೆಯದರಲ್ಲಿ ‘ತೀವ್ರ ನಿರ್ಜಲೀಕರಣ’ ಎಂದು ಬರೆದವರು ಎರಡನೆಯದರಲ್ಲಿ ರಕ್ತನಾಳದ ಮೂಲಕ ದ್ರವ ಕೊಡುವ ಪ್ಲಾನ್ ಸಿ ಲೆಕ್ಕ ಮಾಡುತ್ತಾರೆ. ಒಂದೇ ತಪ್ಪಿಗೆ ಎರಡು ಕಡೆ ಅಂಕ ಹೋಯಿತು. ಇದನ್ನು ಬಿಡಿಸಲು ಎರಡನೆಯ ಉಪಪ್ರಶ್ನೆಯಲ್ಲೇ ‘ಪ್ಲಾನ್ ಬಿ ಆರಂಭಿಸಲು ಸೂಚಿಸಲಾಗಿದೆ’ ಎಂದು ಬರೆಯಬಹುದು. ಅದರಿಂದ ಮೊದಲನೆಯದರ ಒಂದು ಅಂಕ ಬಿಟ್ಟುಕೊಟ್ಟಂತಾಗುತ್ತದೆ, ನಿಜ. ಆದರೆ ಲಕ್ಷಣಗಳ ಎರಡು ಅಂಕ ಹಾಗೇ ಉಳಿಯುತ್ತದೆ, ನಾಲ್ಕು ಅಂಕದ ಭಾಗ ಸ್ವತಂತ್ರವಾಗುತ್ತದೆ. ನಾನಾದರೆ ಆ ಒಂದು ಅಂಕವನ್ನು ಬಿಟ್ಟುಕೊಡುತ್ತೇನೆ.

ಓಆರ್‌ಎಸ್ ಪ್ಯಾಕೆಟ್ ಕರಗಿಸುವ ಹೆಜ್ಜೆಗಳನ್ನು ಇಲ್ಲಿ ಕೇಳಿಲ್ಲ ಎಂಬುದನ್ನು ಗಮನಿಸಿ. ಕೈಯಿಂದ ಮಾಡಿ ತೋರಿಸುವುದು ಪ್ರಾಕ್ಟಿಕಲ್ ಪರೀಕ್ಷೆಯ ಪಾಲು. ಅದನ್ನೇ ಇಲ್ಲೂ ಬರೆಸಿದರೆ ಒಂದೇ ಸಂಗತಿಗೆ ಎರಡು ಕಡೆ ಅಂಕ ಕೊಟ್ಟಂತೆ.

ಚೀಟಿ ಹರಿದು ನೋಡುವುದು

ಪತ್ರಿಕೆ ಸಿದ್ಧವಾದ ಮೇಲೆ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ. 28 ಪ್ರಶ್ನೆ ಇವೆ. ಎರಡು ದೀರ್ಘ ಪ್ರಶ್ನೆಗಳನ್ನು ಮೂರು ಮೂರಾಗಿ, ತುರ್ತಿನ ಐದಂಕವನ್ನು 2 ಮತ್ತು 3ರ ಎರಡು ಭಾಗವಾಗಿ ಬಿಡಿಸಿದರೆ 33 ಚೀಟಿ. ಬ್ಲೂಪ್ರಿಂಟ್ ನೋಡದ, ಆದರೆ ಗೋಪ್ಯತೆಗೆ ಒಳಪಟ್ಟ ಇನ್ನೊಬ್ಬ ಬೋಧಕರಿಗೆ ಕೊಟ್ಟು, ಪ್ರತಿ ಚೀಟಿಯ ಹಿಂದೆ ಘಟಕ ಮತ್ತು ಮಟ್ಟ ಬರೆಯಲು ಹೇಳಿ. ಐದಾರು ಚೀಟಿಗಿಂತ ಹೆಚ್ಚಿಗೆ ಮಟ್ಟ ಹೊಂದದಿದ್ದರೆ ಕೋಷ್ಟಕದ ಅಂಕಿ ಕಾಗದದ ಮೇಲಿನದು ಮಾತ್ರ. ಹೆಚ್ಚಾಗಿ ನಾವು ಅನ್ವಯ ಎಂದದ್ದನ್ನು ಅವರು ಸ್ಮರಣೆ ಎನ್ನುತ್ತಾರೆ. ಹಾಗಂದರೆ ಅವರ ಮಾತೇ ನಡೆಯಲಿ, ಬರೆದವರಿಗೆ ತಮ್ಮ ಪ್ರಶ್ನೆ ಯಾವಾಗಲೂ ಆಳವಾಗಿಯೇ ಕಾಣುತ್ತದೆ.

ಘಟಕದ ಗೊಂದಲವೂ ಈ ಚೀಟಿಗಳಲ್ಲೇ ಸಿಕ್ಕಿಬೀಳುತ್ತದೆ. ಹುಟ್ಟಿದ ತಕ್ಷಣ ಉಸಿರಾಡದ ಮಗುವಿನ ಪುನಶ್ಚೇತನ ನವಜಾತ ಶಿಶು ಘಟಕಕ್ಕೆ ಸೇರಬೇಕೋ ತುರ್ತು ಸ್ಥಿತಿಗೋ? ದೀರ್ಘ ಪ್ರಶ್ನೆಯಲ್ಲೂ ಅದನ್ನೇ, ಐದಂಕದಲ್ಲೂ ಅದನ್ನೇ ಕೇಳಿದ್ದರೆ ಕೋಷ್ಟಕ ಸರಿಯಾಗಿಯೇ ಕಾಣುತ್ತದೆ, ಆದರೆ 15 ಅಂಕ ಒಂದೇ ವಿಷಯಕ್ಕೆ ಹೋಗಿರುತ್ತದೆ. ಹಾಗೆಯೇ ಒಂದು ಎಂಸಿಕ್ಯೂನ ಆಯ್ಕೆಯಲ್ಲಿ ಇನ್ನೊಂದು ಎರಡಂಕದ ಉತ್ತರ ಅಚ್ಚಾಗಿರುವುದೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟಾಗಲೇ ಕಾಣುವುದು.

‘ಯಾವುದಾದರೂ ಎರಡಕ್ಕೆ ಉತ್ತರಿಸಿ’ ಎಂಬ ಆಯ್ಕೆ ಇದ್ದರೆ ಇಷ್ಟು ಹೊತ್ತು ಮಾಡಿದ ಲೆಕ್ಕವೆಲ್ಲ ವಿದ್ಯಾರ್ಥಿಯ ಕೈಗೆ ಹೋಗುತ್ತದೆ. ನವಜಾತ ಶಿಶುವನ್ನೇ ಬಿಟ್ಟು ಬರೆದವರ ಪತ್ರಿಕೆಯ ಬ್ಲೂಪ್ರಿಂಟ್ ಬೇರೆಯೇ. ಆಯ್ಕೆ ಕೊಡಲೇಬೇಕಾದರೆ ಎರಡೂ ಪ್ರಶ್ನೆ ಒಂದೇ ಘಟಕದವು, ಒಂದೇ ಮಟ್ಟದವು ಆಗಿರಲಿ: ಶೀತಬಾಧೆ ಅಥವಾ ಕಾಮಾಲೆ, ಎರಡೂ ಸನ್ನಿವೇಶದವು.

ಘಟಕದ ಅಂಕ ವರ್ಷದಿಂದ ವರ್ಷಕ್ಕೆ ಬದಲಾಗಬೇಕಿಲ್ಲ, ಆದರೆ ರೂಪ ಬದಲಾಗಬೇಕು. ಐಎಂಎನ್‌ಸಿಐ, ನವಜಾತ ಶಿಶುವಿನಿಂದಲೇ ದೀರ್ಘ ಪ್ರಶ್ನೆ ಎಂದು ಮೂರನೆಯ ವರ್ಷಕ್ಕೆ ಹಾಸ್ಟೆಲಿನಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಆರೋಗ್ಯವಂತ ಮಗುವಿನ ಎರಡು ಐದಂಕವನ್ನು ನವಜಾತ ಶಿಶುವಿನ ದೀರ್ಘ ಪ್ರಶ್ನೆಗೆ ಅದಲುಬದಲು ಮಾಡಿ. ನವಜಾತ ಶಿಶು ಮೂರು ಐದಂಕ, ಒಂದು ಎರಡಂಕ, ಎರಡು ಎಂಸಿಕ್ಯೂ ಆಗಿ 19ರಲ್ಲೇ ನಿಲ್ಲುತ್ತದೆ. ಆರೋಗ್ಯವಂತ ಮಗು ಒಂದು ದೀರ್ಘ, ಒಂದು ಎರಡಂಕ, ಎರಡು ಎಂಸಿಕ್ಯೂ ಆಗಿ 14ರಲ್ಲೇ. ಉಳಿದ ಯಾವ ಖಾನೆಯನ್ನೂ ಮುಟ್ಟಬೇಕಿಲ್ಲ.

ಪರೀಕ್ಷೆ ಮುಗಿದ ಮೇಲೆ ಪ್ರಿಫೈನಲ್ಲಿನ ಉತ್ತರಪತ್ರಿಕೆಗಳು ಕಾಲೇಜಿನಲ್ಲೇ ಇರುತ್ತವೆ. ಮಟ್ಟವಾರು ಸರಾಸರಿ ತೆಗೆಯಿರಿ. ತರಗತಿಗೆ ಸ್ಮರಣೆಯಲ್ಲಿ 20ಕ್ಕೆ 15, ಅನ್ವಯದಲ್ಲಿ 29ಕ್ಕೆ 9 ಬಂದಿದ್ದರೆ ಮೊದಲು ನೋಡಬೇಕಾದ್ದು ಕೊನೆಯ ಪುಟಗಳು ಖಾಲಿ ಉಳಿದಿವೆಯೇ ಎಂದು. ಖಾಲಿ ಇದ್ದರೆ ಅದು ಸಮಯದ ದೋಷ, ಸನ್ನಿವೇಶಗಳನ್ನು ಮೊಟಕು ಮಾಡಬೇಕು. ಬರೆದೂ ತಪ್ಪಾಗಿದ್ದರೆ ಕೊರತೆ ಪಾಠದಲ್ಲಿ ಅಥವಾ ವಾರ್ಡಿನ ಪೋಸ್ಟಿಂಗಿನಲ್ಲಿ. ಇನ್ನು ಎರಡೂ ಮಟ್ಟದಲ್ಲಿ ಸರಿಸುಮಾರು ಒಂದೇ ಶೇಕಡಾವಾರು ಬಂದಿದ್ದರೆ, ಆ ಸನ್ನಿವೇಶಗಳು ತರಗತಿಯ ನೋಟ್ಸಿನಲ್ಲಿ ಇದ್ದವೇ ಎಂದು ಒಬ್ಬ ವಿದ್ಯಾರ್ಥಿನಿಯ ಪುಸ್ತಕ ತರಿಸಿ ನೋಡಿ.